ಶೋನೆನ್, ಸೆನ್ಪೈ, ತ್ಸುಂದೆರೆ: ಅನಿಮೆ ನೋಡುವ ಮುನ್ನ

ಅನಿಮೆಗೆ ಹೊಸಬರಾದವರ ಕಿವಿಗೆ ಮೊದಲು ಬೀಳುವ ಪದ ಶೋನೆನ್. ‘ನರುಟೊ’, ‘ಒನ್ ಪೀಸ್’ ನೋಡಿದವರು, ಹೊಡೆದಾಟ ಮತ್ತು ಗೆಳೆತನದ ಕಥೆಗೇ ಈ ಹೆಸರಿರಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಶೋನೆನ್ ಅಂದರೆ ಹುಡುಗ; ಅದು ಹೇಳುವುದು ಕಥೆ ಎಂಥದ್ದು ಎಂದಲ್ಲ, ಯಾರಿಗೆಂದು ಅಚ್ಚಾಯಿತು ಎಂದು. ಎಷ್ಟೋ ಅನಿಮೆಗಳಿಗೆ ಮೂಲ ಮಂಗಾ, ಅಂದರೆ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುವ ಚಿತ್ರಕಥೆ. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ಹುಡುಗರಿಗೆಂದೇ ಇರುವ ಪತ್ರಿಕೆ. ಹುಡುಗಿಯರ ಪತ್ರಿಕೆಗಳದ್ದು ಶೋಜೊ, ವಯಸ್ಕ ಗಂಡಸರದ್ದು ಸೈನೆನ್. ಕುಳಿತಲ್ಲೇ ಬುದ್ಧಿಯ ಕಾಳಗ ನಡೆಸುವ ‘ಡೆತ್ ನೋಟ್’ ಕೂಡ ಜಂಪ್‌ನಲ್ಲೇ ಬಂದದ್ದು, ಹಾಗಾಗಿ ಶೋನೆನ್.

‘ವಿನ್‌ಲ್ಯಾಂಡ್ ಸಾಗಾ’ದ ಕಥೆ ಇನ್ನೂ ಸ್ವಾರಸ್ಯದ್ದು. 2005ರಲ್ಲಿ ಅದು ಹುಡುಗರ ವಾರಪತ್ರಿಕೆಯೊಂದರಲ್ಲಿ ಆರಂಭವಾಯಿತು. ವಾರವಾರವೂ ಬರೆದುಕೊಡುವುದು ಕಷ್ಟವಾಗಿ, ಅದೇ ವರ್ಷ ‘ಆಫ್ಟರ್‌ನೂನ್’ ಎಂಬ ಸೈನೆನ್ ಮಾಸಪತ್ರಿಕೆಗೆ ಹೋಯಿತು. ನಾಯಕನೂ ಬದಲಾಗಲಿಲ್ಲ, ಕಥೆಯೂ ಬದಲಾಗಲಿಲ್ಲ. ಶೋನೆನ್ ಆಗಿದ್ದದ್ದು ಸೈನೆನ್ ಆಯಿತು.

ಸೆನ್ಪೈ ಅಷ್ಟು ತೊಡಕಿನದ್ದಲ್ಲ. ಶಾಲೆಗೋ ಕ್ಲಬ್ಬಿಗೋ ಕಂಪನಿಗೋ ನಮಗಿಂತ ಮೊದಲು ಸೇರಿದವರು ಸೆನ್ಪೈ. ಆಮೇಲೆ ಬಂದವರು ಕೋಹೈ. ನಮ್ಮ ಕಾಲೇಜಿನ ಸೀನಿಯರ್ ಇದ್ದಹಾಗೆ. ಆದರೆ ಸೆನ್ಪೈ ಎಂದು ಎದುರಿಗೇ ಕರೆಯುತ್ತಾರೆ, ಕೋಹೈ ಎಂದು ಹಾಗೆ ಯಾರೂ ಕೂಗುವುದಿಲ್ಲ. ವಾಲಿಬಾಲ್ ಕಥೆ ‘ಹೈಕ್ಯೂ’ದಲ್ಲಿ ಹಿನಾತಾ ಒಮ್ಮೆ ಸೆನ್ಪೈ ಅಂದದ್ದೇ ತಡ, ಕುಳ್ಳ ಆಟಗಾರ ನಿಶಿನೋಯಾ ಹಿರಿಹಿರಿ ಹಿಗ್ಗುತ್ತಾನೆ. ಆ ಹಿಗ್ಗು ಕಂಡರೆ ಪದದ ತೂಕ ತಿಳಿಯುತ್ತದೆ.

ಹೆಚ್ಚು ತಪ್ಪಾಗಿ ಬಳಕೆಯಾಗುವುದು ತ್ಸುಂದೆರೆ. ‘ತ್ಸುನ್ ತ್ಸುನ್’ ಎಂದರೆ ಮುಖ ಊದಿಸಿಕೊಂಡು ಬಿಗುಮಾನ ತೋರುವುದು, ‘ದೆರೆ ದೆರೆ’ ಎಂದರೆ ಪ್ರೀತಿಯಲ್ಲಿ ಕರಗುವುದು. ಎರಡೂ ಸೇರಿ ಈ ಪದ ಆಯಿತು. ಸಿಡುಕುವ ಹುಡುಗಿಯರಿಗೆಲ್ಲ ಈ ಹೆಸರು ಅಂಟಿಸುವವರಿದ್ದಾರೆ, ಬರೀ ಸಿಡುಕು ಸಾಲದು.

‘ತೊರಾದೊರಾ’ದ ತೈಗಾಳನ್ನೇ ನೋಡಿ. ಬೇರೊಬ್ಬನಿಗೆಂದು ಬರೆದ ಪ್ರೇಮಪತ್ರವನ್ನು ತಪ್ಪಿ ರ್ಯೂಜಿಯ ಚೀಲಕ್ಕೆ ಹಾಕುತ್ತಾಳೆ. ಅದನ್ನು ಕಿತ್ತುಕೊಳ್ಳಲು ರಾತ್ರಿ ಮರದ ಕತ್ತಿ ಹಿಡಿದು ಅವನ ಮನೆಗೇ ನುಗ್ಗುತ್ತಾಳೆ. ಹಸಿವಿನಿಂದ ಕುಸಿದು, ಅವನು ಮಾಡಿಕೊಟ್ಟ ಫ್ರೈಡ್ ರೈಸ್ ಬಾಚಿ ತಿನ್ನುತ್ತಾಳೆ. ಇಲ್ಲಿಯವರೆಗೆ ಇದು ಕೋಪ ಮಾತ್ರ. ಅವನ ಮೇಲೆ ಮನಸ್ಸಾದ ಮೇಲೂ ಅದನ್ನು ತನ್ನಲ್ಲೇ ಒಪ್ಪಿಕೊಳ್ಳಲಾಗದೆ ಬೈದು ಮುಚ್ಚಿಡುತ್ತಾಳಲ್ಲ, ಆಗ ಅವಳು ತ್ಸುಂದೆರೆ. ಕೆನ್ನೆ ಕೆಂಪಾಗಿಸಿಕೊಂಡು, ಮುಖ ತಿರುಗಿಸಿ, ‘ನಿನಗೋಸ್ಕರ ಏನೂ ಮಾಡಿದ್ದಲ್ಲ’ ಎನ್ನುವ ಪಾತ್ರ ಎದುರಾದರೆ ಅನುಮಾನವೇ ಬೇಡ. ಹುಡುಗರಲ್ಲೂ ಇಂಥವರಿದ್ದಾರೆ. ಪ್ರೀತಿಯ ಹುಚ್ಚಿನಲ್ಲಿ ಚಾಕು ಎತ್ತುವವರು ಮಾತ್ರ ಬೇರೆ ಜಾತಿ, ಅವರಿಗೆ ಯಾಂದೆರೆ ಎನ್ನುತ್ತಾರೆ.