320 ಚೀಲ, ಮೂರು ತೂಕ

20 ಅಡಿಯ ಕಂಟೇನರಿಗೆ 60 ಕಿಲೋದ ಕಾಫಿ ಚೀಲಗಳನ್ನು ಸಾಮಾನ್ಯವಾಗಿ 320ರಂತೆ ತುಂಬುತ್ತಾರೆ. ಒಟ್ಟು 19,200 ಕಿಲೋ. ಕೊಡಗು, ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಂದ ಹೊರಟು, ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ಹತ್ತಿ, ಇಟಲಿಯ ಕಡೆಗೆ ಹೋಗುವ ಹಸಿ ಬೀಜದ ಲೆಕ್ಕ ಇದು. ಬೀಜದ ತೇವಾಂಶ ಎಷ್ಟು, ಕಪ್ಪು ಕಾಳು ಎಷ್ಟು ಎಂಬುದನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಸಣ್ಣ ರಫ್ತುದಾರರೂ ಎರಡು ಕಾಗದಗಳ ಮುಂದೆ ತಡವರಿಸುತ್ತಾರೆ. ಒಂದು ಪ್ಯಾಕಿಂಗ್ ಲಿಸ್ಟ್, ಇನ್ನೊಂದು ಬಿಲ್ ಆಫ್ ಲೇಡಿಂಗ್. ವ್ಯವಹಾರದ ಮಾತಿನಲ್ಲಿ ಎರಡನೆಯದು ಬರೀ ‘ಬಿ.ಎಲ್.’

ಪ್ಯಾಕಿಂಗ್ ಲಿಸ್ಟನ್ನು ರಫ್ತುದಾರರೇ ಬರೆಯುತ್ತಾರೆ. ಬಿ.ಎಲ್. ಕೊಡುವುದು ಹಡಗು ಕಂಪನಿ. ಆದರೆ ಬಿ.ಎಲ್.ನಲ್ಲಿ ಸರಕಿನ ಬಗ್ಗೆ ಇರುವ ಒಂದೊಂದು ಸಾಲೂ ಪ್ಯಾಕಿಂಗ್ ಲಿಸ್ಟಿನಿಂದಲೇ ಹೋಗಿರುತ್ತದೆ. ಏಜೆಂಟರು ಅದನ್ನು ನೋಡಿ ಶಿಪ್ಪಿಂಗ್ ಬಿಲ್ ತುಂಬುತ್ತಾರೆ, ಹಡಗು ಕಂಪನಿಗೆ ಸೂಚನೆ ಕಳಿಸುತ್ತಾರೆ, ಕಂಪನಿ ಅದರಿಂದ ಬಿ.ಎಲ್.ನ ಡ್ರಾಫ್ಟ್ ತಯಾರಿಸುತ್ತದೆ. ಮೂಲದಲ್ಲಿ ಒಂದು ಅಂಕಿ ತಪ್ಪಿದರೆ ಅದೇ ತಪ್ಪು ಮುಂದಿನ ಕಾಗದಗಳಲ್ಲೆಲ್ಲ ಇಳಿಯುತ್ತದೆ. ಅಷ್ಟೇ ಆದರೆ ಹೋಗಲಿ, ಎಲ್ಲ ಕಡೆ ಒಂದೇ ತಪ್ಪು ಎಂದಾದರೂ ಇರುತ್ತದೆ. ಒಂದು ಕಾಗದದಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ತಪ್ಪಿದರೆ ಫಜೀತಿ ಹೆಚ್ಚು.

ಒಂದು ಸರಕನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕುಶಾಲನಗರದ ರಫ್ತುದಾರರೊಬ್ಬರು ಇಟಲಿಯ ಟ್ರಿಯೆಸ್ಟೆ ಬಂದರಿಗೆ ರೋಬಸ್ಟಾ ಚೆರ್ರಿ ಕಳಿಸುತ್ತಿದ್ದಾರೆ. ಎಬಿ ದರ್ಜೆಯದು 200 ಚೀಲ, ಪಿಬಿ ದರ್ಜೆಯದು 120. ಬರೀ ‘ಕಾಫಿ, 320 ಚೀಲ’ ಎಂದು ಒಂದೇ ಸಾಲು ಬರೆದರೆ ಅದು ಪ್ಯಾಕಿಂಗ್ ಲಿಸ್ಟ್ ಆಗುವುದಿಲ್ಲ. ಯಾವ ಚೀಲದಲ್ಲಿ ಏನಿದೆ ಎಂದು ಬಿಚ್ಚದೆಯೇ ತಿಳಿಯಬೇಕು. ಹಾಗಾಗಿ 1ರಿಂದ 200ನೇ ಚೀಲದವರೆಗೆ ಎಬಿ, 201ರಿಂದ 320ರವರೆಗೆ ಪಿಬಿ ಎಂದು ಎರಡು ಸಾಲು. ಒಂದೊಂದು ಸಾಲಿಗೂ ಅದರದೇ ಗುರುತು.

ಕಾಫಿಯಲ್ಲಿ ಈ ಗುರುತಿಗೆ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಅಂತರರಾಷ್ಟ್ರೀಯ ಕಾಫಿ ಸಂಘಟನೆಯ ಪದ್ಧತಿಯಂತೆ ಚೀಲದ ಮೇಲೆ ಮೂರು ಭಾಗದ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲ ಭಾಗ ದೇಶದ್ದು, ಭಾರತಕ್ಕೆ 14. ಎರಡನೆಯದು ರಫ್ತುದಾರರ ಕೋಡ್, ಮೂರನೆಯದು ಲಾಟ್ ಸಂಖ್ಯೆ. ನಮ್ಮ ಉದಾಹರಣೆಯಲ್ಲಿ ಲಾಟ್ ಎರಡು, ಆದ್ದರಿಂದ ಗುರುತೂ ಎರಡು. ಗೋಣಿಯ ಮೇಲಿನ ಸಂಖ್ಯೆ, ಪ್ಯಾಕಿಂಗ್ ಲಿಸ್ಟಿನ ಸಂಖ್ಯೆ, ಬಿ.ಎಲ್.ನ ‘ಮಾರ್ಕ್ಸ್ ಅಂಡ್ ನಂಬರ್ಸ್’ ಕಾಲಮ್ಮಿನ ಸಂಖ್ಯೆ ಮೂರೂ ಹೊಂದಬೇಕು. ಹಳೆಯ ಸರಕಿನ ಪ್ಯಾಕಿಂಗ್ ಲಿಸ್ಟನ್ನೇ ಕಂಪ್ಯೂಟರಿನಲ್ಲಿ ತೆರೆದು ತಿದ್ದುವವರು ಹೆಚ್ಚಾಗಿ ಎಡವುವುದು ಇಲ್ಲೇ. ಚೀಲದ ಎಣಿಕೆ ಹೊಸದು, ಲಾಟ್ ಸಂಖ್ಯೆ ಹಿಂದಿನ ಸಲದ್ದು.

ಇನ್ನು ತೂಕ. ಅತಿ ಹೆಚ್ಚು ಗೊಂದಲ ಹುಟ್ಟುವುದು ಇದರಲ್ಲೇ, ಯಾಕೆಂದರೆ ಒಂದೇ ಸರಕಿಗೆ ಮೂರು ತೂಕಗಳಿವೆ ಮತ್ತು ಮೂರೂ ನಿಜ.

ಮೊದಲನೆಯದು ನಿವ್ವಳ, ಅಂದರೆ ಬೀಜದ್ದು ಮಾತ್ರ: ಎಬಿ 12,000 ಕಿಲೋ, ಪಿಬಿ 7,200 ಕಿಲೋ, ಕೂಡಿದರೆ 19,200. ಖರೀದಿದಾರ ದುಡ್ಡು ಕೊಡುವುದು ಇದಕ್ಕೆ. ಎರಡನೆಯದು ಗ್ರಾಸ್, ಬೀಜದ ಜೊತೆಗೆ ಗೋಣಿಯೂ ಸೇರಿದ್ದು. ಖಾಲಿ ಗೋಣಿ 700 ಗ್ರಾಂ ತೂಗಿದರೆ 320ಕ್ಕೆ 224 ಕಿಲೋ. ಗ್ರಾಸ್ ತೂಕ 19,424 ಕಿಲೋ. ಬಿ.ಎಲ್.ನ ‘ಗ್ರಾಸ್ ವೆಯ್ಟ್’ ಕಾಲಮ್ಮಿಗೆ ಹೋಗಬೇಕಾದದ್ದು ಈ ಅಂಕಿ.

ಮೂರನೆಯದು ವಿ.ಜಿ.ಎಂ. ತುಂಬಿದ ಕಂಟೇನರಿನ ತೂಕವನ್ನು ದೃಢೀಕರಿಸಿ ಕೊಡದೆ ಹಡಗಿಗೆ ಹತ್ತಿಸುವಂತಿಲ್ಲ ಎಂಬ ನಿಯಮ 2016ರ ಜುಲೈ 1ರಿಂದ ಜಗತ್ತಿನಾದ್ಯಂತ ಜಾರಿಯಲ್ಲಿದೆ. ತೂಕ ಸುಳ್ಳು ಹೇಳಿದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಡಗಿಗೇ ಅಪಾಯ. ಅದಕ್ಕೆ ಈ ಬಿಗಿ. ಇದರಲ್ಲಿ ಸರಕು, ಗೋಣಿ, ಒಳಗೆ ಹಾಸುವ ಕ್ರಾಫ್ಟ್ ಕಾಗದ, ತೇವ ಹೀರುವ ಪೊಟ್ಟಣ, ಕೊನೆಗೆ ಕಂಟೇನರಿನದೇ ಭಾರ ಎಲ್ಲವೂ ಸೇರುತ್ತದೆ. ಖಾಲಿ ಕಂಟೇನರಿನ ಭಾರ ಅದರ ಬಾಗಿಲ ಮೇಲೆಯೇ ‘ಟೇರ್’ ಎಂದು ಬರೆದಿರುತ್ತದೆ. ನಮ್ಮ ಕಂಟೇನರಿನದು 2,230 ಕಿಲೋ, ಕಾಗದ ಮತ್ತು ಪೊಟ್ಟಣಗಳದು 46 ಕಿಲೋ ಎಂದುಕೊಂಡರೆ ವಿ.ಜಿ.ಎಂ. 21,700.

ವೇ ಬ್ರಿಡ್ಜಿನ ಚೀಟಿ ಕೈಯಲ್ಲಿದ್ದಾಗ ಅದರಲ್ಲಿರುವ 21,700ನ್ನೇ ಗ್ರಾಸ್ ಎಂದು ಬರೆದುಬಿಡುವುದು ತೀರಾ ಸಾಮಾನ್ಯವಾದ ತಪ್ಪು. ಆಗ ಪ್ಯಾಕಿಂಗ್ ಲಿಸ್ಟಿನಲ್ಲಿ 19,424, ಬಿ.ಎಲ್.ನಲ್ಲಿ 21,700. ವ್ಯವಹಾರ ಲೆಟರ್ ಆಫ್ ಕ್ರೆಡಿಟ್ ಮೇಲೆ ನಡೆದಿದ್ದರೆ ಬ್ಯಾಂಕಿನವರು ಸರಕು ನೋಡುವುದೇ ಇಲ್ಲ, ಕಾಗದ ಮಾತ್ರ ನೋಡುತ್ತಾರೆ. ಯು.ಸಿ.ಪಿ. 600 ಎಂಬ, 2007ರಿಂದ ಚಾಲ್ತಿಯಲ್ಲಿರುವ ನಿಯಮಾವಳಿಯ ಪ್ರಕಾರ ಕಾಗದಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕಿಲ್ಲ, ಆದರೆ ಒಂದಕ್ಕೊಂದು ವಿರುದ್ಧವಾಗಿರಕೂಡದು. ಇನ್‌ವಾಯ್ಸಿನಲ್ಲಿ ಸರಕಿನ ಪೂರ್ತಿ ವರ್ಣನೆ ಇದ್ದು ಬಿ.ಎಲ್.ನಲ್ಲಿ ‘ಭಾರತದ ಹಸಿ ಕಾಫಿ’ ಎಂದಷ್ಟೇ ಇದ್ದರೆ ಅದು ನಡೆಯುತ್ತದೆ. ಒಂದೇ ಹೆಸರಿನ ತೂಕಕ್ಕೆ ಎರಡು ಅಂಕಿ ಇದ್ದರೆ ನಡೆಯುವುದಿಲ್ಲ. ಬ್ಯಾಂಕು ‘ಡಿಸ್ಕ್ರೆಪೆನ್ಸಿ’ ಎಂದು ಬರೆದು ಶುಲ್ಕ ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಆ ಹೊತ್ತಿಗೆ ಕಾಫಿ ದರ ಇಳಿದಿದ್ದರೆ, ಬೆಲೆ ತಗ್ಗಿಸಿ ಎನ್ನಲು ಖರೀದಿದಾರನಿಗೆ ಒಂದು ನೆಪ ಸಿಗುತ್ತದೆ.

ಚೀಲದ ಸಂಖ್ಯೆಯ ಕಾಲಮ್ಮನ್ನು ಹಲವರು ಹಗುರವಾಗಿ ನೋಡುತ್ತಾರೆ. ಅದರಲ್ಲಿ ‘1 ಕಂಟೇನರ್’ ಎಂದಷ್ಟೇ ಇರಬೇಕೋ, ‘1 ಕಂಟೇನರ್, ಅದರಲ್ಲಿ 320 ಚೀಲ’ ಎಂದಿರಬೇಕೋ? ವ್ಯತ್ಯಾಸ ತಿಳಿಯುವುದು ಸರಕು ನೆನೆದು ಹಾಳಾದಾಗ. 1925ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಬಂದ ಸಮುದ್ರ ಸಾಗಣೆ ಕಾಯ್ದೆಯಲ್ಲಿ ಹಡಗು ಕಂಪನಿಯ ಹೊಣೆಗೆ ಮಿತಿಯಿದೆ. ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಇವೆರಡರಲ್ಲಿ ಹೆಚ್ಚಿನದು. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಡಾಲರಿಗಿಂತ ತುಸು ಹೆಚ್ಚಿನ ಬೆಲೆಯದು. ಬಿ.ಎಲ್.ನಲ್ಲಿ 320 ಚೀಲ ಎಂದು ಎಣಿಸಿ ಬರೆದಿದ್ದರೆ ಒಂದೊಂದು ಚೀಲವೂ ಒಂದೊಂದು ಪ್ಯಾಕೇಜ್. ಮಿತಿ ಚೀಲಕ್ಕೆ 666.67. ಬರೆಯದಿದ್ದರೆ ಇಡೀ ಕಂಟೇನರೇ ಒಂದು ಪ್ಯಾಕೇಜ್. ಆಗ ತೂಕದ ಲೆಕ್ಕವೇ ಗತಿ, 60.7 ಕಿಲೋದ ಚೀಲಕ್ಕೆ 121.4 ಸಿಗಬಹುದು, ಅದಕ್ಕಿಂತ ಹೆಚ್ಚಿನ ಬೆಲೆಯ ಕಾಫಿ ಅದರಲ್ಲಿದ್ದರೆ ಉಳಿದದ್ದು ನಷ್ಟ. ನಿಜವಾದ ನಷ್ಟಕ್ಕಿಂತ ಹೆಚ್ಚೇನೂ ಯಾರೂ ಕೊಡುವುದಿಲ್ಲ ಅನ್ನಿ. ಆದರೂ ಎರಡು ಪದ ಟೈಪ್ ಮಾಡದೆ ಇಷ್ಟು ದೊಡ್ಡ ಹಕ್ಕನ್ನು ಬಿಟ್ಟುಕೊಡುವುದು ಜಾಣತನವಲ್ಲ.

ಆ ಕಾಲಮ್ಮಿನ ಪಕ್ಕದಲ್ಲೇ ‘ಶಿಪ್ಪರ್ಸ್ ಲೋಡ್, ಸ್ಟೋ ಅಂಡ್ ಕೌಂಟ್’ ಎಂಬ ಮಾತು ಕಂಡು ಹೊಸಬರು ಗಾಬರಿಯಾಗುತ್ತಾರೆ. ಕಂಟೇನರನ್ನು ತುಂಬಿ ಸೀಲು ಹಾಕಿದ್ದು ರಫ್ತುದಾರರು, ನಾವು ಒಳಗೆ ಎಣಿಸಿಲ್ಲ ಎಂದು ಹಡಗಿನವರು ಹೇಳುತ್ತಿದ್ದಾರೆ, ಅಷ್ಟೇ. ಬ್ಯಾಂಕುಗಳು ಇದನ್ನು ಒಪ್ಪುತ್ತವೆ. ಒಪ್ಪದಿರುವುದು ‘ಚೀಲಗಳು ಹರಿದಿವೆ’, ‘ಒದ್ದೆಯಾಗಿವೆ’ ಎಂಬಂಥ ಷರಾಗಳನ್ನು. ಅವಿದ್ದರೆ ಬಿ.ಎಲ್. ‘ಕ್ಲೀನ್’ ಅಲ್ಲ.

ಕನ್ಸೈನಿ ಎಂಬ ಚೌಕದಲ್ಲಿ ಖರೀದಿದಾರನ ಹೆಸರನ್ನು ನೇರವಾಗಿ ಬರೆಯುವುದು ಸಹಜವೆನಿಸುತ್ತದೆ. ಹಣ ಮುಂಗಡವಾಗಿ ಬಂದಿದ್ದರೆ ತೊಂದರೆಯಿಲ್ಲ. ಬಂದಿರದಿದ್ದರೆ ಯೋಚಿಸಬೇಕು. ಬಿ.ಎಲ್. ಬರೀ ರಸೀದಿಯಲ್ಲ, ಸರಕಿನ ಮೇಲಿನ ಹಕ್ಕುಪತ್ರ. ‘ಟು ಆರ್ಡರ್’ ಎಂದು ಬರೆಸಿದರೆ ರಫ್ತುದಾರರು ಹಿಂಬದಿಯಲ್ಲಿ ಸಹಿ ಹಾಕಿ ವರ್ಗಾಯಿಸುವವರೆಗೆ ಹಕ್ಕು ಅವರ ಕೈಯಲ್ಲೇ ಉಳಿಯುತ್ತದೆ. ಎಲ್.ಸಿ. ಇದ್ದರೆ ಹಲವು ಸಲ ‘ಟು ಆರ್ಡರ್ ಆಫ್’ ಎಂದು ಬ್ಯಾಂಕಿನ ಹೆಸರೇ ಬರಬೇಕಾಗುತ್ತದೆ. ಎಲ್.ಸಿ.ಯಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ಖರೀದಿದಾರನ ಹೆಸರು, ವಿಳಾಸ, ಫೋನ್ ಸಂಖ್ಯೆಗೆ ‘ನೋಟಿಫೈ ಪಾರ್ಟಿ’ ಎಂಬ ಬೇರೆ ಚೌಕವಿದೆ. ಹಡಗು ಬಂದಾಗ ಸುದ್ದಿ ಮುಟ್ಟುವುದು ಆ ವಿಳಾಸಕ್ಕೆ. ಮೂಲ ಪ್ರತಿಗಳು ಸಾಮಾನ್ಯವಾಗಿ ಮೂರು. ಒಂದನ್ನು ಕೊಟ್ಟು ಸರಕು ಬಿಡಿಸಿಕೊಂಡರೆ ಉಳಿದೆರಡಕ್ಕೆ ಬೆಲೆಯಿಲ್ಲ. ಹಾಗಾಗಿ ಹಣ ಬರುವ ಮೊದಲು ಒಂದು ಮೂಲ ಪ್ರತಿಯನ್ನು ಖರೀದಿದಾರನಿಗೆ ಕೊರಿಯರ್ ಮಾಡುವುದೂ ಸರಕನ್ನೇ ಕೊಟ್ಟಂತೆ.

ಉಳಿದ ಚೌಕಗಳು ಇಷ್ಟು ಕಾಡುವುದಿಲ್ಲ. ಬೆಲೆ ಎಫ್‌ಒಬಿ ಮಂಗಳೂರು ಎಂದಿದ್ದರೆ ‘ಫ್ರೈಟ್ ಕಲೆಕ್ಟ್’, ಸಿಐಎಫ್ ಟ್ರಿಯೆಸ್ಟೆ ಎಂದಿದ್ದರೆ ‘ಫ್ರೈಟ್ ಪ್ರೀಪೇಯ್ಡ್’. ಘನ ಅಳತೆಯ ಕಾಲಮ್ಮು ಇಡೀ ಕಂಟೇನರ್ ಕಳಿಸುವವರಿಗಿಂತ ಚನ್ನಪಟ್ಟಣದ ಗೊಂಬೆಯಂಥ ಹಗುರ ಸರಕನ್ನು ಪರರ ಸರಕಿನ ಜೊತೆ ಹಂಚಿಕೊಂಡು ಕಳಿಸುವವರಿಗೆ ಮುಖ್ಯ, ಯಾಕೆಂದರೆ ಅವರ ಬಾಡಿಗೆ ನಿಲ್ಲುವುದು ಅದರ ಮೇಲೆ. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಪೆಟ್ಟಿಗೆ 0.096 ಘನ ಮೀಟರ್. ಅಂಥ 40 ಪೆಟ್ಟಿಗೆಗೆ 3.84. ಅಳೆಯಬೇಕಾದದ್ದು ಪೆಟ್ಟಿಗೆಯ ಹೊರಮೈ, ಒಳಮೈ ಅಲ್ಲ.

ತಾರೀಖಿನ ಮೇಲೂ ಒಂದು ಕಣ್ಣಿರಲಿ. ಬಿ.ಎಲ್. ಬರೆದ ದಿನ, ಸರಕು ಹಡಗೇರಿದ ದಿನ ಎರಡೂ ಬೇರೆ ಇರಬಹುದು. ‘ಶಿಪ್ಡ್ ಆನ್ ಬೋರ್ಡ್’ ಎಂದು ಪ್ರತ್ಯೇಕ ತಾರೀಖು ಇದ್ದರೆ ಬ್ಯಾಂಕಿಗೆ ಅದೇ ಸಾಗಣೆಯ ದಿನ. ಎಲ್.ಸಿ. ಬೇರೆ ಗಡುವು ಹೇಳದಿದ್ದರೆ ಆ ದಿನದಿಂದ 21 ದಿನಗಳೊಳಗೆ, ಎಲ್.ಸಿ.ಯ ಅವಧಿ ಮುಗಿಯುವ ಮೊದಲೇ, ಕಾಗದಗಳು ಬ್ಯಾಂಕು ತಲುಪಬೇಕು.

ಹಡಗು ಕಂಪನಿ ಬಿ.ಎಲ್. ಮುದ್ರಿಸುವ ಮೊದಲು ಡ್ರಾಫ್ಟನ್ನು ಇಮೇಲಿನಲ್ಲಿ ಕಳಿಸಿ ಒಪ್ಪಿಗೆ ಕೇಳುತ್ತದೆ. ಉತ್ತರಿಸಲು ಸಿಗುವ ಸಮಯ ಕಡಿಮೆ, ಆಗ ತಿದ್ದಿಸಲು ಖರ್ಚು ಕಡಿಮೆ ಅಥವಾ ಇಲ್ಲವೇ ಇಲ್ಲ. ಹಡಗು ಹೊರಟ ಮೇಲೆ ತಿದ್ದಬೇಕೆಂದರೆ ಶುಲ್ಕ ಕಟ್ಟಬೇಕು, ಮೂಲ ಪ್ರತಿಗಳು ಕೈಗೆ ಬಂದಿದ್ದರೆ ಮೂರನ್ನೂ ಹಿಂತಿರುಗಿಸಬೇಕು, ಅತ್ತ ಕಸ್ಟಮ್ಸಿಗೆ ಹೋದ ಸರಕುಪಟ್ಟಿಯನ್ನೂ ತಿದ್ದಿಸಬೇಕು. ಆದ್ದರಿಂದ ಡ್ರಾಫ್ಟ್ ಬಂದ ದಿನ ‘ಓಕೆ’ ಎಂದು ಉತ್ತರಿಸುವ ಮೊದಲು ಪ್ಯಾಕಿಂಗ್ ಲಿಸ್ಟನ್ನು ಪಕ್ಕದಲ್ಲಿಟ್ಟುಕೊಂಡು ಚೀಲದ ಎಣಿಕೆ, ಲಾಟ್ ಗುರುತು, ಗ್ರಾಸ್ ತೂಕ, ಕಂಟೇನರ್ ಮತ್ತು ಸೀಲಿನ ಸಂಖ್ಯೆ, ಕನ್ಸೈನಿಯ ಚೌಕ ಇವಿಷ್ಟನ್ನು ಸ್ವತಃ ಓದಿ. ಏಜೆಂಟರು ನೋಡಿರುತ್ತಾರೆ ಎಂದು ಬಿಡಬೇಡಿ, ತಪ್ಪಾದರೆ ಬ್ಯಾಂಕು ಹಣ ತಡೆಹಿಡಿಯುವುದು ಅವರದ್ದಲ್ಲ.