ನಗು ಯಾರ ಪಾಲಿಗೆ?

1949ರ ‘ವೈಟ್ ಹೀಟ್’ ಚಿತ್ರದಲ್ಲಿ ಜೈಲಿನಲ್ಲಿರುವ ದರೋಡೆಕೋರನನ್ನು ನೋಡಲು ಅವನ ತಾಯಿ ಬರುತ್ತಾಳೆ. ದರೋಡೆಕೋರನ ಪಾತ್ರ ಜೇಮ್ಸ್ ಕ್ಯಾಗ್ನಿಯದು. ಜಗತ್ತೇ ಹೆದರುವ ಆ ಮನುಷ್ಯ ತಾಯಿಯ ಮುಂದೆ ಮಗುವಾಗುತ್ತಾನೆ. ಕ್ಯಾಗ್ನಿಯ ಅದೇ ದೃಶ್ಯದ ತುಣುಕುಗಳು 1982ರಲ್ಲಿ ಇನ್ನೊಂದು ಸಿನಿಮಾದೊಳಗೆ ಕಾಣಿಸಿಕೊಂಡವು. ಕ್ಯಾಗ್ನಿ ಹೇಗಿದ್ದನೋ ಹಾಗೇ ಇದ್ದ. ಎದುರಿಗಿದ್ದ ತಾಯಿ ಮಾತ್ರ ಹಾಸ್ಯನಟ ಸ್ಟೀವ್ ಮಾರ್ಟಿನ್!

ಚಿತ್ರದ ಹೆಸರು ‘ಡೆಡ್ ಮೆನ್ ಡೋಂಟ್ ವೇರ್ ಪ್ಲ್ಯಾಡ್’. ಮಾರ್ಟಿನ್, ನಿರ್ದೇಶಕ ಕಾರ್ಲ್ ರೈನರ್ ಮತ್ತು ಬರಹಗಾರ ಜಾರ್ಜ್ ಗೈಪ್ 1980ರಲ್ಲಿ ಊಟಕ್ಕೆ ಕೂತು ಬೇರೊಂದು ಚಿತ್ರಕಥೆಯ ಬಗ್ಗೆ ಮಾತಾಡುತ್ತಿದ್ದರು. ಅದರಲ್ಲೊಂದು ಕಡೆ ಹಳೆಯ ಸಿನಿಮಾದ ತುಣುಕು ಬಳಸಿದರೆ ಹೇಗೆ ಎಂಬ ಮಾತು ಬಂತು. ಒಂದೇ ಏಕೆ, ಇಡೀ ಚಿತ್ರವನ್ನೇ ಅಂಥ ತುಣುಕುಗಳಿಂದ ಹೆಣೆಯೋಣ ಎಂಬಲ್ಲಿಗೆ ಮಾತು ಮುಟ್ಟಿತು. ಮಾರ್ಟಿನ್ ಖಾಸಗಿ ಪತ್ತೇದಾರ ರಿಗ್ಬಿ ರಿಯರ್ಡನ್ ಆದ. ಅವನಿಗೆ ಎದುರಾಗುವವರು ಹಂಫ್ರಿ ಬೋಗಾರ್ಟ್, ಕ್ಯಾರಿ ಗ್ರಾಂಟ್, ಇಂಗ್ರಿಡ್ ಬರ್ಗ್‌ಮನ್ ಮುಂತಾದವರು, ಎಲ್ಲರೂ ಹೆಚ್ಚಾಗಿ 1940ರ ದಶಕದ ತಮ್ಮ ಕಪ್ಪುಬಿಳುಪು ರೂಪದಲ್ಲೇ.

ಇಲ್ಲಿ ಸುಲಭದ ದಾರಿಯೊಂದಿತ್ತು. ವುಡಿ ಆಲೆನ್ 1966ರ ‘ವಾಟ್ಸ್ ಅಪ್, ಟೈಗರ್ ಲಿಲಿ?’ಯಲ್ಲಿ ಜಪಾನಿನ ಗೂಢಚಾರಿ ಸಿನಿಮಾವೊಂದರ ದನಿ ಅಳಿಸಿ, ಪಾತ್ರಗಳೆಲ್ಲ ಮೊಟ್ಟೆ ಸಲಾಡ್‌ನ ಪಾಕವಿಧಾನಕ್ಕಾಗಿ ಹೊಡೆದಾಡುವಂತೆ ಹೊಸ ಮಾತು ಕೂರಿಸಿದ್ದರು. ನಗು ಬರುತ್ತದೆ, ನಿಜ. ಆದರೆ ಅಲ್ಲಿ ನಗೆಪಾಟಲಾಗುವುದು ಮೂಲ ಸಿನಿಮಾದ ನಟರೇ. ರೈನರ್ ಬಳಗ ಹಿಡಿದ ದಾರಿ ತದ್ವಿರುದ್ಧ: ಹಳಬರು ಆಡಿದ ಮಾತನ್ನು ಹಾಗೇ ಉಳಿಸಿಕೊಂಡು, ಕಥೆಯನ್ನೇ ಅದಕ್ಕೆ ಬಗ್ಗಿಸುವುದು. ಹೀಗಾಗಿ ರೈನರ್ ಮತ್ತು ಗೈಪ್ ಗಂಟೆಗಟ್ಟಲೆ ಹಳೆಯ ಚಿತ್ರಗಳನ್ನು ನೋಡುತ್ತ ಒಂದು ವಿಶೇಷ ಬಗೆಯ ಮಾತಿಗಾಗಿ ಹುಡುಕಿದರು. ಸಂದರ್ಭದಿಂದ ಕಿತ್ತರೂ ನಿಲ್ಲುವಷ್ಟು ಅಸ್ಪಷ್ಟವಾಗಿರಬೇಕು, ಕಥೆಯನ್ನು ಮುಂದೆ ತಳ್ಳುವಷ್ಟು ಕಸುವೂ ಇರಬೇಕು.

ವೇಷಗಳು ಹುಟ್ಟಿದ್ದು ಈ ಕಟ್ಟುಪಾಡಿನಿಂದಲೇ. ಕ್ಯಾಗ್ನಿ ನೋಡುತ್ತಿರುವುದು ತಾಯಿಯನ್ನು; ಆದ್ದರಿಂದ ಪತ್ತೇದಾರ ತಾಯಿಯಾಗಲೇಬೇಕು. ‘ಡಬಲ್ ಇಂಡೆಮ್ನಿಟಿ’ಯ ಫ್ರೆಡ್ ಮ್ಯಾಕ್‌ಮರಿ ಮಾತಾಡುತ್ತಿರುವುದು ಹೊಂಬಣ್ಣದ ಕೂದಲಿನ ಹೆಣ್ಣಿನೊಡನೆ, ಆದ್ದರಿಂದ ರಿಗ್ಬಿ ಅಂಥದೇ ವಿಗ್ ಹಾಕಲೇಬೇಕು. ಎರಡೂ ಕಡೆ ಹಳೆಯ ನಟನ ಭಾವಕ್ಕೆ ಧಕ್ಕೆಯಿಲ್ಲ. ಪೇಚಿಗೆ ಸಿಕ್ಕುವವನು ಹೊಸಬ, ನಗುವೂ ಅವನ ಪಾಲಿಗೇ.

ಇದು ನಂಬುವಂತಾಗಬೇಕಾದರೆ ಬೆಸುಗೆ ಕಾಣಬಾರದು. ಹಳೆಯ ತುಣುಕಿನಲ್ಲಿ ದೀಪ ಎಡದಿಂದ ಬಿದ್ದಿದ್ದರೆ ಹೊಸದರಲ್ಲೂ ಅದಕ್ಕೆ ಒಪ್ಪುವ ನೆರಳು ಬೀಳಬೇಕು. ಗ್ರಾಂಟ್ ಎತ್ತ ನೋಡುತ್ತಾನೋ ಅತ್ತಲೇ ಮಾರ್ಟಿನ್‌ನ ಮುಖವಿರಬೇಕು. ನೋಟ ಕೊಂಚ ತಪ್ಪಿದರೂ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿರುವುದು ಬಯಲಾಗುತ್ತದೆ. ಈ ಹೊಣೆ ಹೊತ್ತವರು ‘ರೇಜಿಂಗ್ ಬುಲ್’ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದಿದ್ದ ಛಾಯಾಗ್ರಾಹಕ ಮೈಕೆಲ್ ಚಾಪ್‌ಮನ್. ಉಡುಪಿಗೆ ಈಡಿತ್ ಹೆಡ್, ಸಂಗೀತಕ್ಕೆ ಮಿಕ್ಲೋಶ್ ರೋಜಾ. ‘ಡಬಲ್ ಇಂಡೆಮ್ನಿಟಿ’ಗೆ 1944ರಲ್ಲಿ ಉಡುಪು ರೂಪಿಸಿದವರೂ ಸಂಗೀತ ಕೊಟ್ಟವರೂ ಇವರಿಬ್ಬರೇ. ಅಂದರೆ ತಮ್ಮದೇ ಹಳೆಯ ಕೆಲಸಕ್ಕೆ ಹೊಂದುವಂತೆ ಅವರು ಮತ್ತೊಮ್ಮೆ ಕೆಲಸ ಮಾಡಿದರು. ರೋಜಾ ಸಂಗೀತ ಎಲ್ಲೂ ಕಿಸಕ್ಕೆನ್ನುವುದಿಲ್ಲ; ಕೊಲೆಯ ಕಥೆಗೆ ಬೇಕಾದ ಗಾಂಭೀರ್ಯದಲ್ಲೇ ಸಾಗುತ್ತದೆ.

ಮಾರ್ಟಿನ್ ಅಭಿನಯವೂ ಹಾಗೇ. ಬೋಗಾರ್ಟ್‌ನ ಅನುಕರಣೆಯಾಗದಿರಲಿ ಎಂದು ಆತ ಬೇಕೆಂದೇ ಹಳೆಯ ಪತ್ತೇದಾರಿ ಚಿತ್ರಗಳನ್ನು ನೋಡದೆ ಉಳಿದ. ಬೋಗಾರ್ಟ್‌ನೇ ತೆರೆಯ ಮೇಲಿರುವಾಗ ಅವನ ನಕಲು ಮಾಡಿದ್ದರೆ ಅದು ಲೇವಡಿಯಾಗುತ್ತಿತ್ತು. ರಿಗ್ಬಿಗೆ ತಾನು ತಮಾಷೆಯ ಸಿನಿಮಾದಲ್ಲಿದ್ದೇನೆಂಬುದು ಗೊತ್ತೇ ಇಲ್ಲ. ತನ್ನ ಪಾಲಿಗೆ ಆತ ನಿಜವಾದ ಕೊಲೆಯನ್ನೇ ಬೆನ್ನಟ್ಟಿದ್ದಾನೆ.

ಚಿತ್ರ ಎಡವುವುದೂ ಉಂಟು. ಪ್ರಜ್ಞೆ ತಪ್ಪಿ ಬಿದ್ದ ನಾಯಕಿಯ ಎದೆಗೆ ರಿಗ್ಬಿ ಕೈಹಾಕುವ ಹಾಸ್ಯ 1940ರ ದಶಕದ್ದಲ್ಲ. ಅಂದಿನ ಹಾಲಿವುಡ್‌ನ ನಿರ್ಮಾಣ ಸಂಹಿತೆ ಅಂಥದ್ದಕ್ಕೆ ಬಿಡುತ್ತಲೇ ಇರಲಿಲ್ಲ. ಆ ಗಳಿಗೆಯಲ್ಲಿ 1982 ತೆರೆಯೊಳಗೆ ನುಗ್ಗಿ ಅದುವರೆಗೆ ಕಾಯ್ದ ಧಾಟಿ ಹರಿಯುತ್ತದೆ. ಕೊನೆಯ ಭಾಗ 1949ರ ‘ದಿ ಬ್ರೈಬ್’ ಚಿತ್ರವೊಂದನ್ನೇ ಹೆಚ್ಚಾಗಿ ನೆಚ್ಚುವುದರಿಂದ ಅಲ್ಲಿ ಬೇರೆ ತೊಡಕು: ತುಣುಕುಗಳನ್ನು ಕೂಡಿಸುವ ಜಾಣ್ಮೆಗಿಂತ ಆ ಹಳೆಯ ಕಥೆಯ ಭಾರವೇ ಮುಂದಾಗುತ್ತದೆ.

ಎರಡು ತಪ್ಪೂ ಒಂದೇ ಜಾತಿಯವಲ್ಲ. ಎರಡನೆಯದು ಹಳಬರಿಗೆ ತೀರ ಹತ್ತಿರ ಹೋದದ್ದರ ಫಲ. ಪ್ರೇಕ್ಷಕ ಆಕಳಿಸಬಹುದು, ಅಷ್ಟೆ. ಮೊದಲನೆಯದು ಅವರ ಲೋಕದ ನಡಾವಳಿ ಮರೆತದ್ದರ ಫಲ. ಅಣಕ ಲೇವಡಿಗೆ ಜಾರುವುದು ಅಲ್ಲೇ.