ಗದರಿಕೆಯ ಮಾತನ್ನು ಕರೆಯ ಮಾತಾಗಿಸುವುದು ಹೇಗೆ?

ಜುಮಾ ದಿನ ಹಿರಿಯರ ಮುಂದೆ ಮಾಡಿದ ಒಂದು ಖಡಕ್ ಬಯಾನ್ ಇದೆ ಅಂದುಕೊಳ್ಳಿ. ಅದರ ಒಂದು ಭಾಗವನ್ನು ಭಾನುವಾರ ಹದಿನೈದು-ಇಪ್ಪತ್ತರ ಹುಡುಗ ಹುಡುಗಿಯರ ಮುಂದೆ ಓದುವ ಹೊಣೆ ನಿಮ್ಮ ಮೇಲೆ ಬಿದ್ದಿದೆ. ಇದ್ದ ಹಾಗೇ ಓದಿದರೆ ಎದುರಿಗಿರುವವರು ತಲೆ ತಗ್ಗಿಸಿ ಕೂರುತ್ತಾರೆ, ಆದರೆ ಕಿವಿ ಮುಚ್ಚಿಕೊಂಡಿರುತ್ತಾರೆ. ಕಹಿಯನ್ನೆಲ್ಲ ತೆಗೆದು ಓದಿದರೆ ನಗುತ್ತಾ ಕೇಳುತ್ತಾರೆ, ಮನೆಗೆ ಏನನ್ನೂ ಒಯ್ಯುವುದಿಲ್ಲ. ಇವೆರಡರ ನಡುವೆ ಒಂದು ದಾರಿ ಇದೆ. ಅದನ್ನು ಒಂದು ಉದಾಹರಣೆ ಹಿಡಿದೇ ನೋಡೋಣ.

ಮೊದಲು ಒಂದು ಗೆರೆ ಎಳೆದುಕೊಳ್ಳಿ. ಖುತ್ಬಾಕ್ಕೆ ಅದರದೇ ನಿಯಮಗಳಿವೆ. ಕರಾವಳಿಯಲ್ಲಿ ಹೆಚ್ಚಾಗಿ ಪಾಲಿಸುವ ಶಾಫಿಈ ಮದ್‌ಹಬ್ ಪ್ರಕಾರ ಅಲ್ಲಾಹನ ಸ್ತುತಿ, ಸ್ವಲಾತ್, ತಖ್ವಾದ ಉಪದೇಶ, ಒಂದು ಆಯತ್, ವಿಶ್ವಾಸಿಗಳಿಗಾಗಿ ದುಆ ಎಂಬ ಐದು ಅದರ ಕಡ್ಡಾಯ ಅಂಗಗಳು. ಅವುಗಳನ್ನು ನಾವು ತಿದ್ದಲು ಹೋಗುವುದಿಲ್ಲ. ಕುರ್‌ಆನಿನ ಮಾತಾಗಲಿ ಹದೀಸಿನ ಮಾತಾಗಲಿ ಮೆದುವಾಗಿ ಕಾಣಲಿ ಎಂದು ಅರ್ಥ ಬದಲಿಸುವ ಅಧಿಕಾರವೂ ನಮಗಿಲ್ಲ. ನಾವು ಕೈ ಹಾಕುವುದು ಅವುಗಳ ಸುತ್ತ ಭಾಷಣಕಾರ ತನ್ನದಾಗಿ ಸೇರಿಸಿದ ಕನ್ನಡ ಮಾತುಗಳಿಗೆ ಮಾತ್ರ. ಗದರಿಕೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಈಗ ಈ ಮಾದರಿ ಭಾಗವನ್ನು ಒಮ್ಮೆ ಗಟ್ಟಿಯಾಗಿ ಓದಿ:

"ಇಂದಿನ ಯುವಕರು ಹಾಳಾಗಿ ಹೋಗಿದ್ದಾರೆ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ಹಿಡಿದು ಕೂರುತ್ತಾರೆ, ಫಜ್ರ್ ಹೊತ್ತಿಗೆ ಹೆಣದಂತೆ ಬಿದ್ದಿರುತ್ತಾರೆ. ಅಲ್ಲಾಹನ ಕರೆಗೆ ಕಿವಿಗೊಡದವರು ನಾಳೆ ಅವನ ಮುಂದೆ ಏನು ಉತ್ತರ ಕೊಡುತ್ತೀರಿ? ನಿಮಗೆ ನಾಚಿಕೆಯಾಗಬೇಕು! ಈಗಲೇ ತೌಬಾ ಮಾಡಿರಿ. ಇಲ್ಲದಿದ್ದರೆ ನಿಮಗೆ ನರಕವೇ ಗತಿ."

ಆರೇ ವಾಕ್ಯ. ಮೊದಲ ಕೆಲಸ, ಒಂದೊಂದನ್ನೂ ಎತ್ತಿ ಇದು ದೀನಿನ ಮಾತೋ, ಮಾತನಾಡುವವರ ಸಿಟ್ಟೋ ಎಂದು ಕೇಳುವುದು. ಮೊದಲನೆಯದು ಬರೀ ತೀರ್ಪು, ಅದನ್ನು ಬಿಟ್ಟರೆ ನಷ್ಟವಿಲ್ಲ. ಎರಡನೆಯದರಲ್ಲಿ ಒಂದು ನಿಜ ಇದೆ, ತಡರಾತ್ರಿಯ ಮೊಬೈಲ್. ಅದರ ಜೊತೆಗೆ ಒಂದು ಬೈಗುಳವೂ ಇದೆ, ಹೆಣ. ನಿಜವನ್ನು ಇಟ್ಟುಕೊಂಡು ಬೈಗುಳವನ್ನು ಬಿಡಿ. ಮೂರನೆಯದು ದೀನಿನ ಮೂಲ ಮಾತು, ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕು ಎಂಬುದು. ಅದು ಉಳಿಯಲೇಬೇಕು. ನಾಲ್ಕನೆಯದು ಸಿಟ್ಟು. ಐದನೆಯದು ತೌಬಾ, ಅದೂ ಉಳಿಯಬೇಕು. ಆರನೆಯದನ್ನು ಎಚ್ಚರದಿಂದ ನೋಡಿ. ಶಿಕ್ಷೆಯ ಎಚ್ಚರಿಕೆ ಕುರ್‌ಆನಿನಲ್ಲಿದೆ, ನಿಜ. ಆದರೆ ಎದುರಿಗೆ ಕೂತ ಇಂಥವರಿಗೆ ನರಕ ಖಂಡಿತ ಎಂದು ಹೇಳುವುದು ಯಾವ ಭಾಷಣಕಾರನ ಕೈಯಲ್ಲೂ ಇಲ್ಲ.

ಹೀಗೆ ಜರಡಿ ಹಿಡಿದಾಗ ಉಳಿದದ್ದು ಮೂರು: ತಡರಾತ್ರಿಯ ಮೊಬೈಲ್‌ನಿಂದ ಫಜ್ರ್ ತಪ್ಪುತ್ತಿದೆ, ಅದರ ಲೆಕ್ಕ ಕೊಡಬೇಕಾಗುತ್ತದೆ, ಮರಳಿ ಬರುವ ದಾರಿ ಇದೆ. ಇವು ಮೂರೂ ಹೊಸ ಮಾತಿನಲ್ಲಿ ಇರಲೇಬೇಕು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕೊನೆಗೆ ತಾಳೆ ನೋಡಲು ಬೇಕಾಗುತ್ತದೆ.

ಎರಡನೆಯ ಕೆಲಸ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಸರಿಪಡಿಸುವುದು. ಮೂಲದಲ್ಲಿ ಮಾತು "ಯುವಕರು ಹಾಳಾಗಿದ್ದಾರೆ" ಎಂದು ಶುರುವಾಗುತ್ತದೆ. ಯುವಕರು ಎದುರಿಗೇ ಕೂತಿರುವಾಗ ಅವರ ಬಗ್ಗೆ ಬೇರೆ ಯಾರಿಗೋ ದೂರು ಹೇಳಿದ ಹಾಗೆ! ಆಮೇಲೆ ಥಟ್ಟನೆ "ನಿಮಗೆ ನಾಚಿಕೆಯಾಗಬೇಕು" ಎಂದು ಅವರ ಕಡೆಗೇ ಬೆರಳು ತಿರುಗುತ್ತದೆ. ಇದಕ್ಕೆ ಎಲ್ಲರೂ ಹೇಳುವ ಮದ್ದು "ನಾವು" ಅನ್ನುವ ಪದ. ಅದು ಒಳ್ಳೆಯದೇ, ಆದರೆ ಎಲ್ಲ ಕಡೆ ಹೊಂದುವುದಿಲ್ಲ. ಐವತ್ತೈದು ವರ್ಷದ ಉಸ್ತಾದರು "ನಾವೆಲ್ಲ ರಾತ್ರಿಯಿಡೀ ರೀಲ್ಸ್ ನೋಡುತ್ತೇವೆ" ಅಂದರೆ ಮಕ್ಕಳಿಗೆ ನಗು ಬರುತ್ತದೆ. ಹೇಳುವವರಿಗೂ ಅನ್ವಯಿಸುವ ಕಡೆ ಮಾತ್ರ "ನಾವು" ಇರಲಿ. ಲೆಕ್ಕ ಕೊಡುವ ಮಾತು ಅಂಥದ್ದು. ಉಳಿದ ಕಡೆ "ಕಷ್ಟ ಅಂತ ನಿಮಗೆ ಅನಿಸಿದ್ದರೆ" ಎಂಬಂಥ ರೂಪ ಸಾಕು. ಅದು ಯಾರನ್ನೂ ಹೆಸರಿಟ್ಟು ಹಿಡಿಯುವುದಿಲ್ಲ, ತನಗೆ ಸಂಬಂಧಿಸಿದ್ದು ಎಂದು ಅನಿಸಿದವರು ತಾವಾಗಿಯೇ ಎತ್ತಿಕೊಳ್ಳುತ್ತಾರೆ.

ಮೂರನೆಯದು ಕ್ರಿಯಾಪದದ ಬಾಲ. ಕನ್ನಡದಲ್ಲಿ ಗಡಸುತನ, ಮೆದುತನ ಎರಡೂ ಅಲ್ಲೇ ಇರುತ್ತವೆ. "ಮಾಡಿರಿ", "ಮಾಡತಕ್ಕದ್ದು", "ಮಾಡಬಾರದು" ಅಂದಾಗ ಆಜ್ಞೆ. "ಮಾಡೋಣ" ಅಂದಾಗ ಜೊತೆ. "ಮಾಡಬಹುದು" ಅಂದಾಗ ಆಯ್ಕೆ. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲಿ. ಮೆದುವಾಗಲಿ ಎಂದು "ಫಜ್ರ್‌ಗೆ ಎದ್ದು ನಮಾಝ್ ಮಾಡಬಹುದು" ಎಂದು ಬರೆದುಬಿಡುತ್ತಾರೆ. ಧ್ವನಿ ಹಿತವಾಗಿದೆ, ಆದರೆ ಫರ್ಝ್ ಆಗಿದ್ದದ್ದು ಇಷ್ಟವಿದ್ದರೆ ಮಾಡುವ ಕೆಲಸವಾಗಿಬಿಟ್ಟಿತು! ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ: ಕಡ್ಡಾಯವಾದದ್ದನ್ನು ಒಂದೇ ಒಂದು ನೇರ ವಾಕ್ಯದಲ್ಲಿ, ಏರು ದನಿ ಇಲ್ಲದೆ ಹೇಳಿ. ಅದನ್ನು ಮಾಡುವ ದಾರಿಗೆ ಮಾತ್ರ "ಮಾಡೋಣ", "ನೋಡೋಣ", "ಆದೀತು" ಬಳಸಿ. ಫರ್ಝ್ ಗಟ್ಟಿಯಾಗಿರಲಿ, ದಾರಿ ಮೆದುವಾಗಿರಲಿ.

ನಾಲ್ಕನೆಯದು ಸಾಲುಗಳ ಕ್ರಮ. ಮೂಲ ಮಾತು ತೀರ್ಪಿನಿಂದ ಶುರುವಾಗಿ ನರಕದಲ್ಲಿ ಮುಗಿಯುತ್ತದೆ. ಎಳೆಯರು ಮೊದಲ ಸಾಲಿಗೇ ಬಾಗಿಲು ಹಾಕಿಕೊಂಡರೆ ನಡುವೆ ಇರುವ ತೌಬಾದ ಮಾತು ಅವರನ್ನು ತಲುಪುವುದೇ ಇಲ್ಲ. ಕ್ರಮವನ್ನು ತಿರುಗಿಸಿ. ತೆರೆದ ಬಾಗಿಲು ಮೊದಲು, ಲೆಕ್ಕದ ಮಾತು ನಡುವೆ, ಮಾಡಲು ಆಗುವ ಒಂದು ಕೆಲಸ ಕೊನೆಗೆ.

ತೆರೆದ ಬಾಗಿಲಿಗೆ ಬೇಕಾದ ಸಾಮಗ್ರಿಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ, ಹದೀಸಿನಲ್ಲೇ ಹುಡುಕಿ. ಫಜ್ರ್ ವಿಷಯಕ್ಕೆ ಖೈಬರ್‌ನಿಂದ ಮರಳುವಾಗಿನ ಘಟನೆ ಸರಿಯಾಗಿ ಹೊಂದುತ್ತದೆ. ಅದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈಗ ಬದಲಾದ ಭಾಗ ಓದಿ:

"ಫಜ್ರ್‌ಗೆ ಏಳೋದು ಕಷ್ಟ ಅಂತ ನಿಮಗೆ ಅನಿಸಿದ್ದರೆ, ಅದು ನಿಮ್ಮೊಬ್ಬರ ಕಷ್ಟ ಅಲ್ಲ. ಖೈಬರ್‌ನಿಂದ ಮರಳುವ ದಾರಿಯಲ್ಲಿ ಪ್ರವಾದಿವರ್ಯರು(ಸ) ಮತ್ತು ಸಂಗಡಿಗರು ತಡರಾತ್ರಿ ಒಂದು ಕಡೆ ತಂಗಿದರು. ಎಲ್ಲರೂ ದಣಿದಿದ್ದರು. ಎಬ್ಬಿಸುವ ಕೆಲಸ ಬಿಲಾಲ್(ರ) ಅವರದ್ದು. ಆದರೆ ಅವರಿಗೂ ನಿದ್ದೆ ಹತ್ತಿತು. ಎಚ್ಚರವಾದಾಗ ಮೈಮೇಲೆ ಬಿಸಿಲು ಬಿದ್ದಿತ್ತು. ಆಮೇಲೆ ಏನಾಯ್ತು ಗೊತ್ತಾ? ಸ್ವಲ್ಪ ಮುಂದೆ ಹೋಗಿ ವುಝೂ ಮಾಡಿದರು, ಎಲ್ಲರೂ ಸೇರಿ ನಮಾಝ್ ಮಾಡಿದರು. ತಪ್ಪಿಹೋದ ನಮಾಝನ್ನು ನೆನಪಾದ ಕೂಡಲೇ ಮಾಡಬೇಕು ಎಂದು ನಮಗೂ ಕಲಿಸಿದರು. ಅಂದರೆ, ಇವತ್ತು ತಪ್ಪಿತು ಅಂತ ನಾಳೆಯನ್ನೂ ಬಿಡಬೇಕಾಗಿಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಅವರು ಎಬ್ಬಿಸಲು ಒಬ್ಬರನ್ನು ಇಟ್ಟು ಮಲಗಿದ್ದರು. ಎರಡು ಗಂಟೆವರೆಗೆ ಮೊಬೈಲ್ ನೋಡಿ, ಅಲಾರಂ ಕೂಡ ಇಡದೆ ಮಲಗೋದು ಅದಕ್ಕೆ ಸಮ ಅಲ್ಲ. ಐದು ಹೊತ್ತಿನ ನಮಾಝ್ ನಮ್ಮ ಮೇಲೆ ಫರ್ಝ್. ಅಲ್ಲಾಹನು ಅದರ ಲೆಕ್ಕ ಕೇಳುತ್ತಾನೆ, ನಿಮ್ಮನ್ನೂ ಕೇಳುತ್ತಾನೆ, ನನ್ನನ್ನೂ ಕೇಳುತ್ತಾನೆ. ಬಿಟ್ಟುಹೋದದ್ದಕ್ಕೆ ತೌಬಾ ಇದೆ, ಅವನು ಸ್ವೀಕರಿಸುವವನು.

ಈ ವಾರ ಒಂದೇ ಒಂದು ಕೆಲಸ ಮಾಡೋಣ. ಮಲಗುವಾಗ ಮೊಬೈಲನ್ನು ತಲೆದಿಂಬಿನ ಹತ್ತಿರ ಇಡದೆ, ಎದ್ದು ನಡೆದು ಹೋಗಿ ಅಲಾರಂ ನಿಲ್ಲಿಸಬೇಕಾದಷ್ಟು ದೂರ ಇಡೋಣ. ಮೊದಲು ಎದ್ದವರು ಒಬ್ಬ ಗೆಳೆಯನಿಗೆ ಮಿಸ್ಡ್ ಕಾಲ್ ಕೊಡಿ. ಅಷ್ಟೇ."

ಚೀಟಿ ತೆಗೆದು ತಾಳೆ ನೋಡಿ. ಮೊಬೈಲ್, ಲೆಕ್ಕ, ತೌಬಾ ಮೂರೂ ಇವೆ. ಮಾತು ಮೂಲದ ಸುಮಾರು ನಾಲ್ಕು ಪಟ್ಟು ಉದ್ದವಾಗಿದೆ, ಅದು ತಪ್ಪಲ್ಲ. ಗದರಲು ಒಂದು ಸಾಲು ಸಾಕು, ಕರೆಯಲು ಜಾಗ ಬೇಕು. "ಅವರು ಎಬ್ಬಿಸಲು ಒಬ್ಬರನ್ನು ಇಟ್ಟಿದ್ದರು" ಎಂಬ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅದಿಲ್ಲದಿದ್ದರೆ ಆ ಘಟನೆ ಸೋಮಾರಿತನಕ್ಕೆ ಪರವಾನಗಿಯಾಗುತ್ತದೆ. ಮೃದುತ್ವಕ್ಕಾಗಿ ತರುವ ಪ್ರತಿಯೊಂದು ಘಟನೆಗೂ ಇಂಥ ಒಂದು ಎಲ್ಲೆ ಇರುತ್ತದೆ, ಘಟನೆಯ ಜೊತೆಗೇ ಅದನ್ನೂ ಹೇಳಬೇಕು.

ಮುಂಬೈ, ಪುಣೆ, ಹೈದರಾಬಾದಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ. ಎಷ್ಟೋ ಮಕ್ಕಳಿಗೆ ಕನ್ನಡ ಕಿವಿಯಿಂದ ಗೊತ್ತು, ಅಕ್ಷರದಿಂದ ಗೊತ್ತಿಲ್ಲ. "ಕರ್ತವ್ಯವಿಮುಖತೆ", "ಪರಲೋಕದ ವಿಚಾರಣೆ" ಎಂಬ ಗ್ರಂಥಭಾಷೆ ಅವರಿಗೆ ಅರ್ಥವಾಗುವುದಿಲ್ಲ, ಬರೀ ದನಿ ಕೇಳಿಸುತ್ತದೆ. ಅರ್ಥ ಹಿಡಿಯದೆ ದನಿ ಮಾತ್ರ ಕೇಳಿದಾಗ ಮೆದು ಮಾತೂ ಗದರಿಕೆಯಂತೆಯೇ ಕೇಳಿಸುತ್ತದೆ. ತೌಬಾ, ಫರ್ಝ್, ವುಝೂ ಅವರಿಗೆ ಮದರಸದಿಂದಲೇ ಗೊತ್ತು. ಅವನ್ನು ಹಾಗೇ ಬಿಟ್ಟು, ಸುತ್ತಲಿನ ಕನ್ನಡವನ್ನು ಆಡುಮಾತಿಗೆ ಹತ್ತಿರ ತನ್ನಿ. ಹಾಗಂತ ಅವರನ್ನು ಮೆಚ್ಚಿಸಲು "ಬ್ರೋ" ಅನ್ನಲು ಹೋಗಬೇಡಿ. ಹಿರಿಯರ ಬಾಯಿಯಲ್ಲಿ ಅದು ವೇಷ ಎಂದು ಮಕ್ಕಳಿಗೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಆ ವಯಸ್ಸಿನ ಒಬ್ಬರಿಗೆ ಮೊದಲೇ ಓದಿ ಹೇಳಿ, ಆಮೇಲೆ ಎರಡೇ ಪ್ರಶ್ನೆ ಕೇಳಿ. ಏನು ಮಾಡಬೇಕು ಅಂತ ಹೇಳಿದೆ? ಕೇಳುವಾಗ ಯಾರ ಮೇಲೆ ಸಿಟ್ಟು ಮಾಡಿದ ಹಾಗೆ ಅನಿಸಿತು? ಮೊದಲನೆಯದಕ್ಕೆ ಉತ್ತರ ಬರದಿದ್ದರೆ ಮಾತು ತೀರಾ ಸಡಿಲವಾಗಿದೆ, ಫರ್ಝ್ ಎಂಬ ಸಾಲು ಎಲ್ಲೋ ಮುಚ್ಚಿಹೋಗಿದೆ. ಎರಡನೆಯದಕ್ಕೆ "ನಮ್ಮ ಮೇಲೆ" ಎಂದು ಬಂದರೆ ಹಳೆಯ ಗದರಿಕೆ ಇನ್ನೂ ಒಳಗಿದೆ. ಹೆಚ್ಚಾಗಿ ಅದು ವ್ಯಂಗ್ಯದ ರೂಪದಲ್ಲಿ ಅಡಗಿರುತ್ತದೆ. "ಮೊಬೈಲ್‌ಗೆ ಮಾತ್ರ ಟೈಮ್ ಇರುತ್ತೆ ಅಲ್ವಾ?" ಎಂಬಂಥ ಸಾಲು ಬೈಗುಳಕ್ಕಿಂತಲೂ ಚುಚ್ಚುತ್ತದೆ.

ಇಷ್ಟೆಲ್ಲ ಮೃದುವಾಗಿ ಹೇಳಿದರೆ ದೀನಿನ ಗಾಂಭೀರ್ಯ ಹೋಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಮುಆದ್(ರ) ಅವರ ಘಟನೆಯನ್ನು ಅವರ ಮುಂದಿಡಿ. ಮುಆದ್ ತಮ್ಮ ಜನರಿಗೆ ಇಶಾ ನಮಾಝಿನಲ್ಲಿ ಅಲ್‌ಬಖರ ಸೂರಾ ಓದತೊಡಗಿದರು. ಅದು 286 ಆಯತ್‌ಗಳ ಸೂರಾ. ದಿನವಿಡೀ ದುಡಿದು ದಣಿದಿದ್ದ ಒಬ್ಬರು ಸಾಲು ಬಿಟ್ಟು ತಾವೇ ಬೇರೆಯಾಗಿ ನಮಾಝ್ ಮಾಡಿ ಹೋದರು. ದೂರು ಪ್ರವಾದಿವರ್ಯರ(ಸ) ತನಕ ಹೋಯಿತು. ಖಡಕ್ ಮಾತು ಕೇಳಬೇಕಾಗಿ ಬಂದದ್ದು ಸಾಲು ಬಿಟ್ಟವರಲ್ಲ, ಮುಆದ್! ಜನರನ್ನು ಸಂಕಷ್ಟಕ್ಕೆ ದೂಡುತ್ತೀರಾ ಎಂದು ಅವರನ್ನೇ ಕೇಳಿ, ಓದಲು ಚಿಕ್ಕ ಸೂರಾಗಳನ್ನು ಹೆಸರಿಸಿ ಹೇಳಲಾಯಿತು. ನಮಾಝ್ ಕಡಿಮೆಯಾಗಲಿಲ್ಲ, ರಕಅತ್‌ಗಳೂ ಕಡಿಮೆಯಾಗಲಿಲ್ಲ. ನಿಂತವರು ಕೊನೆಯವರೆಗೂ ನಿಲ್ಲುವಂತೆ ಓದು ಮಾತ್ರ ಚಿಕ್ಕದಾಯಿತು.